ಜನವರಿ ಆರಕ್ಕೆ ಮಳೆ ಬಂದಿದ್ದು ಹೇಗೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ಅಪ್ಪ ದಿನಾ ಬರೆದಿಟ್ಟ ಮಳೆ ಲೆಕ್ಕದಲ್ಲಿ 2023ರದ್ದನ್ನು ತಂಗಿ ಟೈಪ್ ಮಾಡಿ ಸಿಎಸ್‌ವಿ ಫೈಲ್ ಕಳಿಸಿದಳು, ತಾರೀಕು 01-06-2023 ಈ ಥರ ಇದೆ. ಎಕ್ಸೆಲ್‌ನಲ್ಲಿ ತೆರೆದು, ತಾರೀಕಿನ ಪ್ರಕಾರ ಸಾರ್ಟ್ ಮಾಡಿ ಗ್ರಾಫ್ ಹಾಕಿದರೆ ಗರಗಸದ ಹಲ್ಲಿನ ಥರ ಬರ್ತಿದೆ. Format Cells ಗೆ ಹೋಗಿ Date ಅಂತ ಕೊಟ್ಟೆ, ಏನೂ ಬದಲಾಗಲಿಲ್ಲ. ಅದೇ ಫೈಲ್ ಅಣ್ಣನ ಕಂಪ್ಯೂಟರಿನಲ್ಲಿ ಸರಿಯಾಗಿ ಬರುತ್ತೆ. ಸ್ನೇಹಿತ ಪೈಥಾನ್‌ನಲ್ಲಿ ಮಾಡು ಅಂತಾನೆ. ನನ್ನ ತಪ್ಪು ಎಲ್ಲಿ?

ಉತ್ತರ: ಮೊದಲು ಆ ಗರಗಸದ ಹಲ್ಲು ಎಣಿಸಿ. ತಮಾಷೆಗೆ ಹೇಳ್ತಿಲ್ಲ, ನಿಜವಾಗಿ ಎಣಿಸಿ. 31 ಇದ್ದರೆ ರೋಗ ತಾರೀಕಿನಲ್ಲೇ ಇದೆ ಅಂತ ಅಲ್ಲೇ ಗೊತ್ತಾಯಿತು.

ಕಂಪ್ಯೂಟರಿಗೆ 01-06-2023 ಅನ್ನೋದು ತಾರೀಕು ಅಂತ ಗೊತ್ತಿಲ್ಲದೇ ಹೋದರೆ ಅದು ಬರೀ ಹತ್ತು ಅಕ್ಷರ. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸುವ ಹಾಗೆ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತಾ ಹೋಗುತ್ತದೆ. ನಾವು ದಿನವನ್ನು ಎಡಗಡೆ ಬರೆಯುತ್ತೇವಲ್ಲ, ಹಾಗಾಗಿ ಮೊದಲು ದಿನ, ಆಮೇಲೆ ತಿಂಗಳು. ಸಾರ್ಟ್ ಮಾಡಿದಾಗ ಹನ್ನೆರಡು ತಿಂಗಳಿನ ಒಂದನೇ ತಾರೀಕುಗಳೆಲ್ಲಾ ಒಟ್ಟಿಗೆ ಬಂದು ನಿಲ್ಲುತ್ತವೆ: 01-01, 01-02, 01-03, ಹೀಗೆ 01-12ರವರೆಗೆ. ಅದಾದ ಮೇಲೆ ಎಲ್ಲಾ ತಿಂಗಳಿನ ಎರಡನೇ ತಾರೀಕು. ಜನವರಿಯಲ್ಲಿ ಒಣ, ಜುಲೈನಲ್ಲಿ ಜಡಿಮಳೆ, ಡಿಸೆಂಬರಿನಲ್ಲಿ ಮತ್ತೆ ಒಣ. ಅಂದರೆ ಒಂದು ಗುಂಪಿಗೆ ಒಂದು ಉಬ್ಬು. 31 ತಾರೀಕು, 31 ಉಬ್ಬು. ನಿಮ್ಮ ಗರಗಸದ ಒಂದೊಂದು ಹಲ್ಲೂ ಒಂದೊಂದು ಪುಟ್ಟ ಮಳೆಗಾಲ. ಕೊನೆಯ ಮೂರು ಹಲ್ಲು ಸ್ವಲ್ಪ ಸಣ್ಣ ಇರಬೇಕು. 29 ಮತ್ತು 30 ಇರುವುದು 11 ತಿಂಗಳಲ್ಲಿ ಮಾತ್ರ, 31 ಇರುವುದು 7ರಲ್ಲಿ.

Format Cells ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಅದು ಬರೀ ಮೇಲಿನ ಬಟ್ಟೆ. ಎಕ್ಸೆಲ್ ಒಳಗೆ ನಿಜವಾದ ತಾರೀಕು ಅಂದರೆ ಒಂದು ಸಂಖ್ಯೆ. 1900ರ ಜನವರಿ 1ಕ್ಕೆ 1 ಅಂತ ಶುರುವಾಗಿ ದಿನಕ್ಕೊಂದು ಏರುತ್ತಾ ಬರುತ್ತದೆ. 2023ರ ಜೂನ್ 1 ಅಂದರೆ 45078. ಆ ಸಂಖ್ಯೆ ಒಳಗಿದ್ದರೆ ಅದನ್ನು ಹೇಗೆ ತೋರಿಸಬೇಕು ಅನ್ನೋದನ್ನಷ್ಟೇ Format Cells ಬದಲಾಯಿಸುತ್ತದೆ. ಒಳಗೆ ಅಕ್ಷರವೇ ಇದ್ದರೆ ಅದನ್ನು ಮುಟ್ಟುವುದಿಲ್ಲ. ಅಕ್ಷರವನ್ನು ಸಂಖ್ಯೆ ಮಾಡೋದು ಅದರ ಕೆಲಸವೇ ಅಲ್ಲ.

ಇಷ್ಟೇ ಆಗಿದ್ದರೆ ನಾನು ನಾಲ್ಕು ಸಾಲು ಬರೆದು ಮುಗಿಸುತ್ತಿದ್ದೆ. ಆದರೆ "ಅಣ್ಣನ ಕಂಪ್ಯೂಟರಿನಲ್ಲಿ ಸರಿಯಾಗಿ ಬರುತ್ತೆ" ಅಂದಿರಲ್ಲ, ಅದನ್ನು ಓದಿ ನನಗೆ ಬೇರೆ ಅನುಮಾನ ಬಂತು. ನಿಮ್ಮ ತಾರೀಕುಗಳೆಲ್ಲಾ ಅಕ್ಷರವಾಗಿ ಉಳಿದಿಲ್ಲ. ಒಂದಷ್ಟು ಅಕ್ಷರ, ಇನ್ನೊಂದಷ್ಟು ತಪ್ಪು ತಾರೀಕು. ಇದು ಜಾಸ್ತಿ ಅಪಾಯ.

ಆ ಕಾಲಂ ಅನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ. ಕೆಲವು ಸೆಲ್‌ಗಳಲ್ಲಿ ತಾರೀಕು ಬಲಕ್ಕೆ ಒರಗಿದೆಯಾ, ಮಧ್ಯೆ ಓರೆ ಗೆರೆ ಇದೆಯಾ, 1/6/2023 ಅಂತ? ಉಳಿದವು ಎಡಕ್ಕೆ ಒರಗಿ, ತಂಗಿ ಟೈಪ್ ಮಾಡಿದ ಹಾಗೇ 13-06-2023 ಅಂತ ಅಡ್ಡಗೆರೆಯಲ್ಲೇ ಇವೆಯಾ? ಎಕ್ಸೆಲ್ ತಾನಾಗಿ ಸಂಖ್ಯೆಯನ್ನು ಬಲಕ್ಕೂ ಅಕ್ಷರವನ್ನು ಎಡಕ್ಕೂ ಇಡುತ್ತದೆ, ನೀವು ನಡುವೆ ಎಳೆದು ಕೂರಿಸದಿದ್ದರೆ. ಕಣ್ಣಿನ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದು ಖಾಲಿ ಸೆಲ್‌ನಲ್ಲಿ ಇದನ್ನು ಹಾಕಿ:

```
=COUNT(A2:A366)
```

ಇದು ಸಂಖ್ಯೆ ಇರುವ ಸೆಲ್‌ಗಳನ್ನು ಮಾತ್ರ ಎಣಿಸುತ್ತದೆ. 0 ಬಂದರೆ ಎಲ್ಲವೂ ಅಕ್ಷರ. 365 ಬಂದರೆ ಎಲ್ಲವೂ ತಾರೀಕು. ನಿಮಗೆ 144 ಬರುತ್ತದೆ ಅಂತ ನನ್ನ ಊಹೆ.

144 ಎಲ್ಲಿಂದ ಬಂತು? ನಿಮ್ಮ ಲ್ಯಾಪ್‌ಟಾಪಿನ ವಿಂಡೋಸ್‌ನಲ್ಲಿ ಪ್ರದೇಶ English (United States) ಅಂತ ಇರಬೇಕು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಸಿಎಸ್‌ವಿ ತೆರೆದ ಕೂಡಲೇ ಎಕ್ಸೆಲ್ ನಿಮ್ಮನ್ನು ಕೇಳದೇ 01-06-2023 ಅನ್ನು ಜನವರಿ 6 ಅಂತ ಓದಿತು. 02-06-2023 ಅನ್ನು ಫೆಬ್ರವರಿ 6 ಅಂತ ಓದಿತು. ಹೀಗೇ 12-06-2023ರವರೆಗೂ ನಡೆಯಿತು. 13-06-2023ಕ್ಕೆ ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ಅಕ್ಷರ ಅಂತ ಹಾಗೇ ಬಿಟ್ಟಿತು. ಒಂದು ತಿಂಗಳಿಗೆ 12ರಂತೆ 12 ತಿಂಗಳಿಗೆ 144 ಸೆಲ್ ತಾರೀಕಾದವು, ಉಳಿದ 221 ಅಕ್ಷರವಾಗೇ ಉಳಿದವು. ಆ 144ರಲ್ಲಿ ಸರಿ ಇರುವುದು ಬರೀ 12: ಜನವರಿ 1, ಫೆಬ್ರವರಿ 2, ಮಾರ್ಚ್ 3, ಹೀಗೆ ದಿನವೂ ತಿಂಗಳೂ ಒಂದೇ ಆದವು. ಮಿಕ್ಕ 132 ಅದಲುಬದಲು. ಅಣ್ಣನ ಕಂಪ್ಯೂಟರಿನಲ್ಲಿ English (India) ಇರುತ್ತದೆ, ಅದು ದಿನ ಮೊದಲು ಅಂತಲೇ ಓದುತ್ತದೆ. ಫೈಲ್ ತಪ್ಪಿಲ್ಲ, ತಂಗಿ ತಪ್ಪೂ ಇಲ್ಲ.

ಇಲ್ಲೊಂದು ಮೋಜು ಇದೆ. ತಾರೀಕಾದ ಆ 144ನ್ನು ಎಕ್ಸೆಲ್ "ಕಾಲಕ್ರಮ"ದಲ್ಲಿ ಜೋಡಿಸಿದರೆ ಮೊದಲು ಬರುವುದು ಅದರ ಪ್ರಕಾರದ ಜನವರಿ 1ರಿಂದ 12. ಅವು ನಿಜವಾಗಿ ಹನ್ನೆರಡು ತಿಂಗಳಿನ ಒಂದನೇ ತಾರೀಕುಗಳು. ಆಮೇಲೆ ಎರಡನೇ ತಾರೀಕುಗಳು. ಅಂದರೆ ಅಕ್ಷರದ ಸಾರ್ಟ್‌ನಲ್ಲಿ ಬರುತ್ತಿದ್ದ ಸಾಲೇ ಇಲ್ಲೂ ಬಂತು. ಎಕ್ಸೆಲ್ ಸಾರ್ಟ್ ಮಾಡುವಾಗ ಸಂಖ್ಯೆಗಳನ್ನು ಮೊದಲು, ಅಕ್ಷರಗಳನ್ನು ಆಮೇಲೆ ಇಡುತ್ತದೆ. ಹಾಗಾಗಿ 144 ಮುಗಿದ ಮೇಲೆ 13-01, 13-02 ಅಂತ 221 ಬರುತ್ತವೆ. ಒಟ್ಟು ಮತ್ತದೇ 31 ಹಲ್ಲು. ಎರಡು ಬೇರೆ ಬೇರೆ ಕಾಯಿಲೆಗೆ ಒಂದೇ ಜ್ವರ ಅಂದ ಹಾಗಾಯಿತು. ಗ್ರಾಫ್ ನೋಡಿ ಯಾವುದು ಅಂತ ಹೇಳಕ್ಕಾಗಲ್ಲ, ಅದಕ್ಕೇ `COUNT` ಹಾಕಿ ಅಂದಿದ್ದು.

ಈಗ ಮುಖ್ಯ ವಿಷಯ. ಬಹಳ ಜನ ಏನು ಮಾಡ್ತಾರೆ ಅಂದರೆ, ಎಡಕ್ಕೆ ಒರಗಿದ 221 ಸೆಲ್ ನೋಡಿ "ಓ, ಇವು ಟೆಕ್ಸ್ಟ್" ಅಂತ ಅವನ್ನಷ್ಟೇ ಸರಿಮಾಡುತ್ತಾರೆ. ಬಲಕ್ಕಿರುವವು ಹೇಗೂ ತಾರೀಕೇ ಅಲ್ವಾ ಅಂತ ಬಿಟ್ಟುಬಿಡುತ್ತಾರೆ. `COUNT` 365 ಬರುತ್ತದೆ. ಗರಗಸ ಮಾಯವಾಗುತ್ತದೆ, ಗ್ರಾಫ್ ಮಳೆಗಾಲದ ಥರಾನೇ ಕಾಣುತ್ತದೆ. ಎಲ್ಲರಿಗೂ ಸಮಾಧಾನ. ಆದರೆ 132 ದಿನದ ಮಳೆ ತಪ್ಪು ಜಾಗದಲ್ಲಿ ಕೂತಿದೆ.

ಇದನ್ನು ಮಾಮೂಲಿ ತಪಾಸಣೆಗಳು ಹಿಡಿಯುವುದಿಲ್ಲ. ಯಾಕೆಂದರೆ ಜೂನ್ 1 ಜನವರಿ 6ರ ಜಾಗಕ್ಕೆ ಹೋದರೆ, ಜನವರಿ 6 ಜೂನ್ 1ರ ಜಾಗಕ್ಕೆ ಬಂದಿರುತ್ತದೆ. ಜೋಡಿ ಜೋಡಿಯಾಗಿ ಜಾಗ ಬದಲಾಯಿಸಿಕೊಂಡಿವೆ, ಅಷ್ಟೇ. ಎರಡು ಸಲ ಬಂದ ತಾರೀಕು ಹುಡುಕಿದರೆ ಒಂದೂ ಸಿಗಲ್ಲ. ಬಿಟ್ಟುಹೋದ ದಿನ ಹುಡುಕಿದರೆ ಅದೂ ಇಲ್ಲ. ಮೊದಲ ದಿನ ಜನವರಿ 1, ಕೊನೆಯ ದಿನ ಡಿಸೆಂಬರ್ 31, ಸರಿಯಾಗಿದೆ. ವರ್ಷದ ಒಟ್ಟು ಮಳೆ ಅಪ್ಪನ ಪುಸ್ತಕದ ಒಟ್ಟಿಗೆ ಕರೆಕ್ಟಾಗಿ ಕೂಡುತ್ತದೆ. ತಪ್ಪಿರುವುದು ತಿಂಗಳಿನ ಒಟ್ಟು ಮಾತ್ರ. ಜೂನ್ 1ರಿಂದ 12ರ ಜಾಗದಲ್ಲಿ ಈಗ ಹನ್ನೆರಡು ತಿಂಗಳಿನ ಆರನೇ ತಾರೀಕುಗಳಿವೆ, ಅದರಲ್ಲಿ ಅರ್ಧಕ್ಕರ್ಧ ಒಣ ದಿನಗಳು. ಜುಲೈ ಕೂಡ ಹಾಗೇ ತನ್ನ ಹನ್ನೊಂದು ದಿನದ ಮಳೆಯನ್ನು ಹಂಚಿ ಕೂತಿರುತ್ತದೆ.

ನನಗೇ ಆಗಿದೆ ಇದು, ಅದಕ್ಕೆ ಇಷ್ಟು ಉದ್ದ ಬರೀತಿದ್ದೀನಿ. ಹಲವು ವರ್ಷದ ಹಿಂದೆ ಒಂದು ಕಡೆಗೆ ಮಳೆಯ ವರದಿ ಮಾಡಿಕೊಟ್ಟಿದ್ದೆ. ಬಣ್ಣ ಬಣ್ಣದ ಗ್ರಾಫ್, ದಪ್ಪ ಕಾಗದದ ಮೇಲೆ ಪ್ರಿಂಟು. ಮೀಟಿಂಗಿನಲ್ಲಿ ಒಬ್ಬ ಹಿರಿಯ ಬೆಳೆಗಾರರು ಕನ್ನಡಕ ಮೇಲೆತ್ತಿ ನೋಡಿದರು. "ಏನಪ್ಪಾ, ಜನವರಿ ಆರಕ್ಕೆ ಇಷ್ಟು ಮಳೆ ಬಂದಿದ್ರೆ ನನ್ನ ಕಣದಲ್ಲಿದ್ದ ಕಾಫಿಯೆಲ್ಲಾ ತೊಯ್ದು ಹೋಗಿರಬೇಕಿತ್ತಲ್ಲ. ನನಗಂತೂ ಗೊತ್ತಾಗಲಿಲ್ಲ!" ಅಂದರು. ಎಲ್ಲರೂ ನಕ್ಕರು. ನಾನು ಮನೆಗೆ ಬಂದು ನೋಡಿದರೆ ಬರೀ ಜನವರಿ ಅಲ್ಲ, ವರ್ಷವಿಡೀ ಅದೇ ಕಥೆ. ಪ್ರತಿ ತಿಂಗಳೂ 6ರಿಂದ 10ರವರೆಗೆ ಮಳೆ, 1ರಿಂದ 3ರವರೆಗೆ ಹೆಚ್ಚುಕಡಿಮೆ ಒಣ. ಫೆಬ್ರವರಿಯಲ್ಲೂ ಹಾಗೇ, ಆಗಸ್ಟಿನಲ್ಲೂ ಹಾಗೇ. ಆ ಗುರುತು ಈಗ ನನ್ನ ಕಣ್ಣಿಗೆ ಅಚ್ಚೊತ್ತಿದೆ: ತಿಂಗಳಿನ ಮೊದಲ 12 ದಿನ ಎಲ್ಲಾ ತಿಂಗಳಲ್ಲೂ ಒಂದೇ ಥರ ಕಂಡರೆ ಅದು ಅದಲುಬದಲಾದ ತಾರೀಕು.

ಸರಿ, ಈಗ ರಿಪೇರಿ. ಸಾಧ್ಯವಾದರೆ ತಂಗಿ ಕಳಿಸಿದ ಮೂಲ ಫೈಲ್‌ಗೇ ವಾಪಸ್ ಹೋಗಿ. ವಾಟ್ಸಾಪಿನಲ್ಲಿ ಇನ್ನೊಮ್ಮೆ ಕಳಿಸಕ್ಕೆ ಹೇಳಿ. ನಿಮ್ಮ ಹತ್ತಿರ ಇರುವುದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಒತ್ತಿದ್ದರೆ ಅದು ಮೂಲ ಅಲ್ಲ, ಅದರೊಳಗೆ ಈಗ 1/6/2023 ಅಂತಲೇ ಬರೆದುಹೋಗಿದೆ. ಹೊಸದಾಗಿ ಬಂದ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಎಕ್ಸೆಲ್ ತೆರೆದು Data ಪಟ್ಟಿಯಲ್ಲಿ From Text/CSV ಒತ್ತಿ, ಫೈಲ್ ಆರಿಸಿ, Transform Data ಗೆ ಹೋಗಿ. ಬಲಗಡೆ Applied Steps ಅಂತ ಇರುತ್ತದೆ, ಅದರಲ್ಲಿ Changed Type ಅನ್ನೋ ಹೆಜ್ಜೆಯನ್ನು ಅಳಿಸಿ. ಅದೇ ನಿಮ್ಮನ್ನು ಕೇಳದೆ ಊಹೆ ಮಾಡುವುದು. ಆಮೇಲೆ ತಾರೀಕಿನ ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ, Change Type, ಅದರಲ್ಲಿ Using Locale, ಅಲ್ಲಿ Date ಮತ್ತು English (India). ಮಳೆಯ ಕಾಲಂಗೆ Decimal Number ಕೊಡಲು ಮರೆಯಬೇಡಿ, ಇಲ್ಲದಿದ್ದರೆ ಅದು ಅಕ್ಷರವಾಗಿ ಬಂದು ಇನ್ನೊಂದು ತಲೆನೋವು. Close & Load ಒತ್ತಿದರೆ ಆಯಿತು.

ವಿಂಡೋಸ್‌ನ ಪ್ರದೇಶವನ್ನೇ English (India) ಅಂತ ಬದಲಾಯಿಸಿದರೂ ಆಗುತ್ತದೆ, ಎಕ್ಸೆಲ್ ಮುಚ್ಚಿ ಮತ್ತೆ ತೆರೆಯಬೇಕು. ಆದರೆ ಅದು ಆ ಕಂಪ್ಯೂಟರಿಗೆ ಮಾತ್ರ. ಫೈಲ್ ನಾಳೆ ಇನ್ನೊಬ್ಬರ ಹತ್ತಿರ ಹೋದರೆ ಮತ್ತೆ ಅದೇ ಹಾಡು.

ಮೂಲ ಫೈಲ್ ಕಳೆದೇಹೋಗಿದೆ ಅಂದುಕೊಳ್ಳಿ. ಆಗ ಎರಡೂ ಗುಂಪನ್ನು ಒಂದೇ ಸೂತ್ರದಲ್ಲಿ ಸರಿಮಾಡಬಹುದು, ಪಕ್ಕದ ಕಾಲಂನಲ್ಲಿ:

```
=IF(ISNUMBER(A2),
  DATE(YEAR(A2),DAY(A2),MONTH(A2)),
  DATE(RIGHT(A2,4),MID(A2,4,2),LEFT(A2,2)))
```

ಸೆಲ್‌ನಲ್ಲಿ ಸಂಖ್ಯೆ ಇದ್ದರೆ ದಿನ ತಿಂಗಳು ತಿರುಗಿಸಿ ಹಾಕುತ್ತದೆ. ಅಕ್ಷರ ಇದ್ದರೆ ಕೊನೆಯ ನಾಲ್ಕನ್ನು ವರ್ಷ, ಮಧ್ಯದ ಎರಡನ್ನು ತಿಂಗಳು, ಮೊದಲ ಎರಡನ್ನು ದಿನ ಅಂತ ಕಿತ್ತು ತೆಗೆಯುತ್ತದೆ. ಆದರೆ ಒಂದು ಷರತ್ತು. ಸಂಖ್ಯೆ ಇರುವ ಎಲ್ಲಾ ಸೆಲ್‌ಗಳೂ ತಿರುಗಿದವೇ ಆಗಿರಬೇಕು. ನೀವು ಮಧ್ಯೆ ಎಲ್ಲೋ ಒಂದೆರಡು ತಾರೀಕನ್ನು ಕೈಯಲ್ಲಿ ಸರಿಯಾಗಿ ಟೈಪ್ ಮಾಡಿದ್ದರೆ ಈ ಸೂತ್ರ ಅವನ್ನು ಕೆಡಿಸುತ್ತದೆ. ಪರೀಕ್ಷೆ ಸುಲಭ: ಬಲಕ್ಕೆ ಒರಗಿದ ಸೆಲ್‌ಗಳಲ್ಲಿ ಎಕ್ಸೆಲ್ ಪ್ರಕಾರದ ದಿನ 12 ದಾಟಲೇಬಾರದು, ಯಾಕೆಂದರೆ ಅದು ನಿಜವಾಗಿ ತಿಂಗಳು. `=DAY(A2)` ಎಳೆದು ನೋಡಿದಾಗ ಎಲ್ಲಾದರೂ 13 ಅಥವಾ ಅದಕ್ಕಿಂತ ಜಾಸ್ತಿ ಕಂಡರೆ, ಯಾರೋ ಕೈ ಹಾಕಿದ್ದಾರೆ. ಅಲ್ಲಿಗೆ ಸೂತ್ರ ನಿಲ್ಲಿಸಿ ಪುಸ್ತಕ ತೆಗೆಯಿರಿ.

ತಾರೀಕಿನ ಹಿಂದೆ ಕಣ್ಣಿಗೆ ಕಾಣದ ಖಾಲಿ ಜಾಗ ಇದ್ದರೂ ಎಡವಟ್ಟು. `RIGHT` ಆ ಖಾಲಿ ಜಾಗವನ್ನೂ ಒಂದು ಅಕ್ಷರ ಅಂತ ಎಣಿಸಿ "023 " ಅಂತ ತರುತ್ತದೆ, `DATE` ಅದನ್ನು 23 ಅಂತ ತಿಳಿದು 1923 ಮಾಡಿಬಿಡುತ್ತದೆ. ಗ್ರಾಫ್ ಎಡಕ್ಕೆ ನೂರು ವರ್ಷ ಉದ್ದ ಹೋಗಿದ್ದರೆ ಇದೇ ಕಾರಣ. `RIGHT`, `MID`, `LEFT` ಒಳಗಿನ `A2` ಜಾಗದಲ್ಲಿ ಮಾತ್ರ `TRIM(A2)` ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈಗ ತಪಾಸಣೆ. ಎಣಿಕೆ, ಒಟ್ಟು, ಮೊದಲ ದಿನ, ಕೊನೆಯ ದಿನ, ಯಾವುದೂ ಈ ತಪ್ಪನ್ನು ಹಿಡಿಯಲ್ಲ ಅಂದೆನಲ್ಲ. ಹಿಡಿಯುವುದು ಒಂದೇ: ತಂಗಿ ಟೈಪ್ ಮಾಡಿದ ಸಾಲಿನ ಕ್ರಮ. ಅವಳು ಪುಸ್ತಕದ ಪುಟ ತಿರುಗಿಸುತ್ತಾ ದಿನದ ಹಿಂದೆ ದಿನ ಬರೆದಿರುತ್ತಾಳೆ. ಹಾಗಾಗಿ ಪ್ರತಿ ಸಾಲೂ ಹಿಂದಿನ ಸಾಲಿಗಿಂತ ಸರಿಯಾಗಿ 1 ದಿನ ಮುಂದೆ ಇರಬೇಕು. ಮೂಲ ಫೈಲ್‌ನಿಂದ ಮಾಡಿದ್ದರೆ A ಕಾಲಂನಲ್ಲೇ ನೋಡಿ, ಸೂತ್ರದಿಂದ ಮಾಡಿದ್ದರೆ A ಬದಲು ಆ ಕಾಲಂನ ಅಕ್ಷರ ಹಾಕಿ. ಖಾಲಿ ಇರುವ ಒಂದು ಕಾಲಂನ 3ನೇ ಸಾಲಿನಲ್ಲಿ ಇದನ್ನು ಬರೆದು ಕೊನೆಯವರೆಗೆ ಎಳೆಯಿರಿ, ಕಾಲಂ ಅನ್ನು General ಗೆ ಇಡಿ:

```
=A3-A2
```

ಎಲ್ಲಾ ಕಡೆ 1 ಬರಬೇಕು. ಅಪ್ಪ ಊರಿಗೆ ಹೋಗಿ ಎರಡು ದಿನ ಬರೆಯದೇ ಇದ್ದರೆ ಅಲ್ಲಿ 3 ಬರುತ್ತದೆ, ಪರವಾಗಿಲ್ಲ. 31, 28, 31, 30 ಹೀಗೆ ಸಾಲಾಗಿ ಬಂದರೆ, ಅಥವಾ ಎಲ್ಲಾದರೂ ಮೈನಸ್ ಬಂದರೆ ತಾರೀಕು ತಿರುಗಿದೆ ಅಂತ ಅರ್ಥ. ಇದನ್ನು ಸಾರ್ಟ್ ಮಾಡುವ ಮುಂಚೆ ಮಾಡಬೇಕು. ಸಾರ್ಟ್ ಮಾಡಿದ ಮೇಲೆ ಮಾಡಿದರೆ, ತಾರೀಕು ತಪ್ಪಿದ್ದರೂ ಎಲ್ಲಾ ಕಡೆ 1 ಬರುತ್ತದೆ, ಇದ್ದ ಒಂದೇ ಸಾಕ್ಷಿಯನ್ನು ನಾವೇ ಅಳಿಸಿದ ಹಾಗೆ. ಹಾಗೆ ನೋಡಿದರೆ ನಿಮಗೆ ಸಾರ್ಟ್ ಬೇಕಾಗೇ ಇಲ್ಲ. ತಾರೀಕು ನಿಜವಾದ ತಾರೀಕಾಗಿದ್ದು, ಗ್ರಾಫಿನ ಅಡ್ಡ ಅಕ್ಷದ Axis Options ನಲ್ಲಿ Date axis ಅಂತಿದ್ದರೆ, ಶೀಟಿನಲ್ಲಿ ಸಾಲು ಹೇಗಿದ್ದರೂ ಎಕ್ಸೆಲ್ ಗ್ರಾಫನ್ನು ಕಾಲಕ್ರಮದಲ್ಲೇ ಬಿಡಿಸುತ್ತದೆ. ಬಿಟ್ಟುಹೋದ ದಿನಕ್ಕೆ ಜಾಗವನ್ನೂ ಬಿಡುತ್ತದೆ. Text axis ಅಂತಿದ್ದರೆ ಆ ದಿನ ಇರಲೇ ಇಲ್ಲ ಅನ್ನೋ ಹಾಗೆ ಪಕ್ಕಪಕ್ಕ ಒತ್ತಿ ಕೂರಿಸುತ್ತದೆ.

ಸ್ನೇಹಿತ ಹೇಳಿದ ಪೈಥಾನ್ ದಾರಿಯೂ ಸರಿ, ಆದರೆ ಅಲ್ಲೂ ಇದೇ ಗುಂಡಿ ಇದೆ. ಪೈಥಾನಿನಲ್ಲಿ ಇಂಥ ಪಟ್ಟಿಗಳಿಗೆ ಬಳಸುವ ಪಾಂಡಾಸ್‌ಗೆ ಸುಮ್ನೆ "ಇದನ್ನು ತಾರೀಕು ಮಾಡು" ಅಂದರೆ ಅದೂ ತಿಂಗಳು ಮೊದಲು ಅಂತಲೇ ಊಹಿಸುತ್ತದೆ. 2.0ಕ್ಕಿಂತ ಹಳೆಯ ಆವೃತ್ತಿಗಳು ಪ್ರತಿ ಸಾಲನ್ನು ಬೇರೆ ಬೇರೆಯಾಗಿ ಊಹಿಸುತ್ತಿದ್ದವು. 12ರವರೆಗೆ ತಿರುಗಿಸಿ, 13ರಿಂದ ಸರಿಯಾಗಿ ಓದಿ, ನಾನು ಮೇಲೆ ಹೇಳಿದ ಆ 132 ತಪ್ಪಿನ ನೀಟಾದ ಗ್ರಾಫನ್ನೇ ಕೊಡುತ್ತಿದ್ದವು. ಹೊಸದು 13-01-2023ಕ್ಕೆ ಬಂದಾಗ ಎರರ್ ಕೊಟ್ಟು ನಿಲ್ಲುತ್ತದೆ, ಅದು ಒಳ್ಳೆಯದೇ. ಆ ಎರರ್ ಕಾಟ ಅಂತ `errors="coerce"` ಹಾಕಿ ಬಾಯಿ ಮುಚ್ಚಿಸಬೇಡಿ, 221 ಸಾಲು ಸದ್ದಿಲ್ಲದೆ ಖಾಲಿಯಾಗುತ್ತವೆ. ಊಹೆಗೆ ಬಿಡದೇ ರೂಪವನ್ನು ಬಾಯಿಬಿಟ್ಟು ಹೇಳಿ:

```python
df["date"] = pd.to_datetime(df["date"], format="%d-%m-%Y")
print(df["date"].diff().value_counts())
```

ಎರಡನೇ ಸಾಲು ಆಗಿನ ಅದೇ ತಪಾಸಣೆ. ಬರೀ `1 days` ಬಂದರೆ ನೆಮ್ಮದಿ.

ತಿಂಗಳಿನ ಒಟ್ಟು ತೆಗೆದು ಕಂಬದ ಗ್ರಾಫ್ ಹಾಕುವಾಗಲೂ ಹುಷಾರು. ತಿಂಗಳ ಹೆಸರನ್ನು ಕನ್ನಡದಲ್ಲಿ ಬರೆದು ಗುಂಪು ಮಾಡಿದರೆ ಅಕಾರಾದಿಯಲ್ಲಿ ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್ ಅಂತ ಬರುತ್ತದೆ. ಮುಂಗಾರಿನ ಆಗಸ್ಟ್ ಏಪ್ರಿಲ್‌ಗಿಂತ ಮುಂಚೆ! ಇಂಗ್ಲಿಷ್ ಹೆಸರಿದ್ದರೆ ಎಕ್ಸೆಲ್‌ನ ಪಿವಟ್ ಟೇಬಲ್ ಸರಿಯಾಗಿ ಜೋಡಿಸುತ್ತದೆ, ಯಾಕೆಂದರೆ Jan, Feb ಪಟ್ಟಿ ಅದರೊಳಗೆ ಮೊದಲೇ ಇದೆ. ಕನ್ನಡದ್ದು ಇಲ್ಲ. ಹಾಗಾಗಿ ಗುಂಪು ಮಾಡುವುದು 2023-06 ಅನ್ನೋ ಥರದ ಕಾಲಂನಿಂದ ಮಾಡಿ, ಹೆಸರನ್ನು ಕೊನೆಗೆ ಮೇಲೆ ಅಂಟಿಸಿ.

ಮಿಕ್ಕ ವರ್ಷಗಳನ್ನೂ ತಂಗಿಯೇ ಟೈಪ್ ಮಾಡುವುದಾದರೆ 2023-06-01 ಅಂತ, ವರ್ಷ ಮೊದಲು, ದಿನ ಕೊನೆಗೆ ಬರೆಯಲು ಹೇಳಿ. 6 ಅಲ್ಲ, 06. ಐಎಸ್ಒ 8601 ಅಂತ 1988ರಿಂದ ಇರುವ ಪದ್ಧತಿ ಇದು. ದೊಡ್ಡದು ಎಡಕ್ಕೆ ಇರುವುದರಿಂದ ಇದು ಅಕ್ಷರವಾಗೇ ಉಳಿದರೂ ಅಕಾರಾದಿ ಮತ್ತು ಕಾಲಕ್ರಮ ಎರಡೂ ಒಂದೇ. ಅಣ್ಣನ ಎಕ್ಸೆಲ್ಲೂ ನಿಮ್ಮ ಎಕ್ಸೆಲ್ಲೂ ಇದನ್ನು ಒಂದೇ ಥರ ಓದುತ್ತವೆ. ಒಂದೇ ತೊಂದರೆ: ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಸಿಎಸ್‌ವಿ ಆಗಿ ಸೇವ್ ಮಾಡಿದರೆ, ಪರದೆಯ ಮೇಲೆ ಹೇಗೆ ಕಾಣುತ್ತಿತ್ತೋ ಹಾಗೆ ಬರೆಯುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದು 6/1/2023 ಆಗಿಬಿಡುತ್ತದೆ. ಸೇವ್ ಮಾಡುವ ಮುಂಚೆ ಆ ಕಾಲಂಗೆ `yyyy-mm-dd` ಅನ್ನೋ ಫಾರ್ಮ್ಯಾಟ್ ಕೊಡಿ. ಇಲ್ಲಿ ಮಾತ್ರ Format Cells ನಿಜವಾಗಿ ಕೆಲಸಕ್ಕೆ ಬರುತ್ತದೆ.

ಎಲ್ಲಾ ಮುಗಿದ ಮೇಲೆ ಗ್ರಾಫಿನ ಆಗಸ್ಟ್ ನೋಡಿ. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ಅತಿ ಒಣ ಆಗಸ್ಟ್, ನಿಮ್ಮ ತೋಟದಲ್ಲೂ ಜುಲೈಗಿಂತ ಎಷ್ಟೋ ಕಡಿಮೆ ಇರಬೇಕು. ಆಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕದ ಐದಾರು ತಾರೀಕು ತಾಳೆ ನೋಡಿ. ಜುಲೈ 25 ನೋಡಿದರೆ ಏನೂ ಗೊತ್ತಾಗಲ್ಲ, ಅದು ಯಾವತ್ತೂ ತಿರುಗಲ್ಲ. ಜುಲೈ 7 ಕೂಡ ಬೇಡ, ತಿರುಗಿದರೂ ಅದೇ ಇರುತ್ತದೆ. ಜುಲೈ 3, ಜೂನ್ 10, ಜನವರಿ 6, ಇಂಥವನ್ನು ಆರಿಸಿ.